ಮನೆವಾರ್ತೆ: ದುರಸ್ತಿ ತಡವಾಯಿತು, ಬಾಡಿಗೆಯಲ್ಲಿ ಎಷ್ಟು ಬಿಡಬೇಕು?

ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಟ್ಟಿರುವ ಓದುಗರೊಬ್ಬರು ನಮಗೆ ಹೀಗೆ ಬರೆದಿದ್ದಾರೆ: “ಕೆಳಗಿನ ಮನೆಯಲ್ಲಿ ಇರುವವರು ಬಹಳ ಒಳ್ಳೆಯವರು. ತಿಂಗಳ 5ನೆಯ ತಾರೀಖು ದಾಟದಂತೆ ಬಾಡಿಗೆ ತಂದುಕೊಡುತ್ತಾರೆ. ಈ ಸಲ ಅವರ ಮನೆಯ ದುರಸ್ತಿಯೊಂದು ನಮ್ಮಿಂದ ತೀರ ತಡವಾಯಿತು. ಏನಾದರೂ ಬಾಡಿಗೆ ಬಿಟ್ಟುಕೊಡೋಣವೆಂದು ಮನಸ್ಸಿದೆ. ಎಷ್ಟು ಬಿಡಬೇಕು, ಹೇಗೆ ಹೇಳಬೇಕು ತಿಳಿಯದು. ಒಮ್ಮೆ ಬಿಟ್ಟರೆ ಅದೇ ವಾಡಿಕೆಯಾದೀತೆಂಬ ಅಂಜಿಕೆಯೂ ಉಂಟು.”

ಪ್ರಶ್ನೆ ಚಿಕ್ಕದಾಗಿ ಕಂಡರೂ ಇದರಲ್ಲಿ ಮೂರು ವಿಷಯಗಳು ಹೆಣೆದುಕೊಂಡಿವೆ. ದುರಸ್ತಿ ಏಕೆ ತಡವಾಯಿತು ಎಂಬುದೊಂದು, ಬಾಡಿಗೆದಾರರು ಕಳೆದುಕೊಂಡದ್ದರ ಬೆಲೆಯೆಷ್ಟು ಎಂಬುದು ಇನ್ನೊಂದು, ಅದನ್ನು ಅವರ ಮುಂದೆ ಇಡುವ ರೀತಿ ಮತ್ತೊಂದು. ಇವನ್ನು ಬರಿಯ ಮಾತಿನಲ್ಲಿ ವಿವರಿಸುವುದಕ್ಕಿಂತ, 2024ರ ಮಳೆಗಾಲದಲ್ಲಿ ಧಾರವಾಡದ ಒಂದು ಮನೆಯಲ್ಲಿ ನಡೆದ ಪ್ರಸಂಗವನ್ನೇ ಓದುಗರ ಮುಂದಿಡುವುದು ಲೇಸು. ಮನೆಯೊಡೆಯರು ನಿವೃತ್ತ ಅಧ್ಯಾಪಕರು, ದಂಪತಿಗಳು ಮೇಲಂತಸ್ತಿನಲ್ಲಿದ್ದಾರೆ. ಕೆಳಗಿನ ಮನೆಯಲ್ಲಿ ನೌಕರಿಯಲ್ಲಿರುವ ತರುಣರೊಬ್ಬರು, ಅವರ ಪತ್ನಿ ಮತ್ತು ಎರಡು ವರ್ಷದ ಮಗು. ಬಾಡಿಗೆ ತಿಂಗಳಿಗೆ 12,000 ರೂಪಾಯಿ. ಪಡಸಾಲೆ, ಅಡುಗೆಮನೆ, ಬಚ್ಚಲು, ಮಲಗುವ ಖೋಲಿ ಒಂದೇ ಒಂದು.

ಜೂನ್ 12ರಂದು ಆ ಖೋಲಿಯ ಛಾವಣಿಯ ಮೂಲೆಯಲ್ಲಿ ತಟ್ಟೆಯಗಲದ ಒದ್ದೆ ಕಾಣಿಸಿತು. ಅದೇ ದಿನ ಬಾಡಿಗೆದಾರರು ಮೇಲೆ ಬಂದು ತಿಳಿಸಿದರು. ಮಳೆ ಹಿಡಿದಿದ್ದ ದಿನಗಳಾದ್ದರಿಂದ, ಹೊರಗೋಡೆಯ ಬಿರುಕಿನಿಂದ ನೀರು ಇಳಿಯುತ್ತಿದೆಯೆಂದು ಮನೆಯೊಡೆಯರು ಬಗೆದರು. ಎಂಟು ದಿನ ಕಳೆದು ಗೌಂಡಿ ಬಂದು ಬಿರುಕಿಗೆ ಸಿಮೆಂಟು ತುಂಬಿ ಹೋದನು. ಒದ್ದೆ ಮಾತ್ರ ಹಿಗ್ಗುತ್ತಲೇ ಹೋಯಿತು. ಜೂನ್ 28ರ ರಾತ್ರಿ ಹನಿ ಬೀಳತೊಡಗಿತು. ಹನಿ ಬೀಳುವ ಸ್ಥಳ ಬೀಸಣಿಗೆಯ ಕೊಕ್ಕೆಗೆ ಎರಡಡಿ ದೂರದಲ್ಲಿತ್ತು.

ಇಲ್ಲಿ ಒಂದು ಮಾತನ್ನು ನಡುವೆಯೇ ಹೇಳಿಬಿಡಬೇಕು. ಛಾವಣಿಯ ನೀರು ವಿದ್ಯುತ್ತಿನ ತಂತಿಯ ಸಮೀಪ ಬಂದಿತೆಂದರೆ ಅದು ನಾಳೆಗೆ ಬಿಡುವ ಕೆಲಸವಲ್ಲ. ಸ್ಲ್ಯಾಬಿನೊಳಗೆ ಹುದುಗಿಸಿದ ಕೊಳವೆಯ ಮೂಲಕ ನೀರು ಹರಿದು, ಹನಿ ಕಾಣದ ಕಡೆಯಲ್ಲಿಯೂ ಸ್ವಿಚ್ಚಿನ ಪೆಟ್ಟಿಗೆಗೆ ಇಳಿಯಬಹುದು. ಆ ಖೋಲಿಯ ವಿದ್ಯುತ್ತನ್ನು ಮುಖ್ಯ ಫಲಕದಲ್ಲಿಯೇ ನಿಲ್ಲಿಸಿ, ಕೆಲಸ ಬಲ್ಲವರಿಂದ ಪರೀಕ್ಷಿಸುವವರೆಗೆ ಯಾರೂ ಸ್ವಿಚ್ಚು ಮುಟ್ಟದಂತೆ ನೋಡಿಕೊಳ್ಳಬೇಕು. ನಮ್ಮ ಅಧ್ಯಾಪಕರು ಈ ಕೆಲಸವನ್ನು ಆ ರಾತ್ರಿಯೇ ಮಾಡಿದರು. ಆ ಸಂಸಾರ ಗಾದಿ ಎತ್ತಿಕೊಂಡು ಪಡಸಾಲೆಗೆ ಬಂದು ಮಲಗಿತು.

ಜುಲೈ 2ರಂದು ಬಾಡಿಗೆದಾರರು ಹೇಳಿದ ಒಂದು ಮಾತು ಇಡೀ ಸಮಸ್ಯೆಯ ಕೀಲಿಕೈಯಾಯಿತು. “ಸರ, ಮೂರು ದಿನಾ ಆತು, ಮಳಿ ಒಂದು ಹನಿ ಬಿದ್ದಿಲ್ಲ. ನಮ್ಮ ಖೋಲ್ಯಾಗ ಮಾತ್ರ ಹನಿ ನಿಂತಿಲ್ರಿ.”

ಮಳೆಯ ನೀರು ಸೋರುವುದಾದರೆ ಮಳೆ ನಿಂತ ಒಂದೆರಡು ದಿನಗಳಲ್ಲಿ ಹನಿ ಕುಗ್ಗಬೇಕು. ಮಳೆಯಿಲ್ಲದಾಗಲೂ ಒಂದೇ ಸಮನೆ ಹನಿಯುತ್ತಿದ್ದರೆ ನೀರು ಮನೆಯೊಳಗಿನದೇ ಎಂದು ತಿಳಿಯಬೇಕು. ಒಳಗಿನ ನೀರಿನಲ್ಲಿಯೂ ಎರಡು ಬಗೆ. ನಲ್ಲಿಗೆ ನೀರು ತರುವ ಕೊಳವೆ ಒಡೆದಿದ್ದರೆ ಹಗಲು ರಾತ್ರಿ ಎನ್ನದೆ ಸೋರುತ್ತದೆ. ಬಳಸಿದ ನೀರು ಹೊರಗೆ ಹೋಗುವ ದಾರಿಯಲ್ಲಿ ದೋಷವಿದ್ದರೆ, ಮೇಲಿನವರು ಸ್ನಾನ ಮಾಡಿದ, ಬಟ್ಟೆ ಒಗೆದ ಹೊತ್ತಿನ ನಂತರ ಹನಿ ಹೆಚ್ಚುತ್ತದೆ. ಕೆಳಗಿನ ಗೃಹಿಣಿಯನ್ನು ಕೇಳಿದಾಗ, ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹನಿ ಜೋರಾಗುತ್ತದೆಂದೂ ಮಧ್ಯಾಹ್ನಕ್ಕೆ ಇಳಿಯುತ್ತದೆಂದೂ ಆಕೆ ಹೇಳಿದರು. ಆಕೆಗೆ ಮೊದಲೇ ತಿಳಿದಿದ್ದ ಸಂಗತಿ ಇದು. ಯಾರೂ ಕೇಳಿರಲಿಲ್ಲ, ಅಷ್ಟೇ.

ಜುಲೈ 4ರಂದು ನಲ್ಲಿ ಕೆಲಸದವನು ಬಂದನು. ಮೊದಲು ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ, ತಾರಸಿಯ ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿದರು. ಬೆಳಿಗ್ಗೆ ಮಟ್ಟ ಇಳಿದಿರಲಿಲ್ಲ. ಆದ್ದರಿಂದ ನೀರು ತರುವ ಕೊಳವೆ ನಿರ್ದೋಷಿ. ಬಳಿಕ ಮೇಲಿನ ಬಚ್ಚಲಿನ ನಾನಿ ಟ್ರ್ಯಾಪಿನ ಬಾಯಿಗೆ ಬಟ್ಟೆ ಬಿಗಿದು ನೆಲದ ಮೇಲೆ ಎರಡು ಅಂಗುಲ ನೀರು ನಿಲ್ಲಿಸಿದರು. ಒಂದು ದಿನ ಕಳೆದರೂ ನೀರು ಇಳಿಯಲಿಲ್ಲ, ಕೆಳಗೆ ಹನಿಯೂ ಹೆಚ್ಚಲಿಲ್ಲ. ಬಟ್ಟೆ ತೆಗೆದು ನೀರನ್ನು ಹರಿಯಬಿಟ್ಟ ಅರ್ಧ ಗಂಟೆಯೊಳಗೆ ಕೆಳಗಿನ ಖೋಲಿಯಲ್ಲಿ ತಟತಟನೆ ಹನಿ ಬಿತ್ತು. ನೆಲ ಗಟ್ಟಿಯಾಗಿದೆ, ಟ್ರ್ಯಾಪು ಮತ್ತು ಕೊಳವೆ ಕೂಡುವ ಸಂದಿ ಬಿಟ್ಟಿದೆ ಎಂಬುದು ಹೀಗೆ ಖಚಿತವಾಯಿತು. ಈ ಪರೀಕ್ಷೆಗೆ ಒಂದು ಹಳೆಯ ಬಟ್ಟೆ, ನಾಲ್ಕಾರು ಕೊಡ ನೀರು ಮತ್ತು ಒಂದು ದಿನದ ತಾಳ್ಮೆ ಬೇಕು, ಅಷ್ಟೇ. ಜೂನ್ 13ರಂದೇ ಇದನ್ನು ಮಾಡಬಹುದಿತ್ತು.

ಕಾರಣ ತಿಳಿದ ಮೇಲೆಯೂ ಕೆಲಸ ಆರಂಭವಾದದ್ದು ಜುಲೈ 15ರಂದು. ಗೌಂಡಿ ತನ್ನ ಊರಿಗೆ ಹೋಗಿದ್ದನು. ಬೇರೆಯವನನ್ನು ಹುಡುಕುವ ಗೋಜಿಗೆ ಮನೆಯೊಡೆಯರು ಹೋಗಲಿಲ್ಲ. ಆರಂಭವಾದ ಮೇಲಿನ ದಿನಗಳನ್ನು ಮಾತ್ರ ವಿಳಂಬವೆನ್ನಲಾಗದು. ಟೈಲ್ಸು ಒಡೆದು, ಹಳೆಯ ಟ್ರ್ಯಾಪು ಕಿತ್ತು, ಹೊಸದನ್ನು ಕೂರಿಸಿ, ಅದರ ಸುತ್ತ ನೀರುನಿರೋಧಕ ಲೇಪವನ್ನು ಎರಡು ಸಲ ಹಚ್ಚಬೇಕು. ಮೊದಲನೆಯದು ಒಣಗಿದ ಮೇಲೆಯೇ ಎರಡನೆಯದು. ಅದಾದ ಮೇಲೆ ಎರಡು ದಿನ ನೀರು ನಿಲ್ಲಿಸಿ ಕೆಳಗೆ ನೋಡಬೇಕು; ಹನಿಯಿಲ್ಲವೆಂದು ಕಂಡ ಬಳಿಕವೇ ಟೈಲ್ಸು ಕೂರಿಸಬೇಕು. ಅವಸರಪಟ್ಟು ಈ ಪರೀಕ್ಷೆಯನ್ನು ಬಿಟ್ಟವರು ಹೊಸ ಟೈಲ್ಸನ್ನೇ ಮತ್ತೆ ಒಡೆಸಿದ್ದುಂಟು. ಕೆಳಗಿನ ಛಾವಣಿಯಲ್ಲಿ ಬಡಿದರೆ ಡೊಳ್ಳಿನಂತೆ ಸದ್ದು ಮಾಡುತ್ತಿದ್ದ ಗಿಲಾವನ್ನು ಕೆಡವಿ ಹೊಸ ಗಿಲಾವು ಮಾಡಿ, ಬೀಸಣಿಗೆಯ ತಂತಿಯನ್ನು ಬದಲಿಸಿ, ಖೋಲಿಯನ್ನು ಗುಡಿಸಿ ಒಪ್ಪಿಸುವಾಗ ಜುಲೈ 31 ಆಗಿತ್ತು. ದೂರು ಹೇಳಿದ ದಿನವೂ ಸೇರಿ ಎಣಿಸಿದರೆ ಐವತ್ತು ದಿನ.

ಇನ್ನು ಲೆಕ್ಕಕ್ಕೆ ಬರೋಣ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಮನೆಯೊಡೆಯರು ಐದುನೂರೋ ಸಾವಿರವೋ ಎಂದು ಬಾಯಿಗೆ ಬಂದ ಅಂಕಿಯನ್ನು ಹೇಳುತ್ತಾರೆ. ಬಾಡಿಗೆದಾರರು ಸಂಕೋಚದಿಂದ “ಇರಲಿ ಬಿಡ್ರಿ” ಎನ್ನುತ್ತಾರೆ. ಮೇಲೆ ನೋಡುವುದಕ್ಕೆ ಮಾತು ಮುಗಿಯಿತು. ಮನೆಯೊಡೆಯರು ತಾವು ಉದಾರಿಗಳೆಂದು ತಿಳಿಯುತ್ತಾರೆ. ಬಾಡಿಗೆದಾರರಿಗೆ ಐವತ್ತು ದಿನದ ಕಷ್ಟಕ್ಕೆ ಯಾರೋ ಕೈಗೆ ಕಾಸು ಹಾಕಿದಂತೆ ಅನಿಸುತ್ತದೆ. ಆದ್ದರಿಂದ ಅಂಕಿಗೆ ಒಂದು ಆಧಾರ ಬೇಕು, ಮತ್ತು ಆ ಆಧಾರ ಎದುರಿನವರಿಗೂ ಕಾಣಬೇಕು.

ಅಧ್ಯಾಪಕರು ಅಳತೆಯ ಪಟ್ಟಿ ಹಿಡಿದರು. ಕೆಳಗಿನ ಮನೆಯ ಒಳಗಿನ ವಿಸ್ತೀರ್ಣ 600 ಚದರಡಿ, ಖೋಲಿ 120 ಚದರಡಿ. ಅಂದರೆ ಐದರಲ್ಲಿ ಒಂದು ಪಾಲು. ದಿನದ ಬಾಡಿಗೆ 400 ರೂಪಾಯಿ. ಅದರಲ್ಲಿ ಖೋಲಿಯ ಪಾಲು 80 ರೂಪಾಯಿ. ಜೂನ್ 28ರಿಂದ ಜುಲೈ 31ರವರೆಗೆ ಖೋಲಿ ಪೂರ್ತಿ ಮುಚ್ಚಿದ್ದ ದಿನಗಳು 34. ಅಲ್ಲಿಗೆ 2,720 ರೂಪಾಯಿ.

ಅದಕ್ಕೂ ಹಿಂದಿನ 16 ದಿನಗಳ ಮಾತೇನು? ಆಗ ಖೋಲಿ ಒದ್ದೆಯಾಗಿತ್ತು, ಆದರೆ ಬಳಕೆಯಲ್ಲಿತ್ತು. ಎಷ್ಟೇ ಚುರುಕಾಗಿ ಮಾಡಿದರೂ ಇಂಥ ಕೆಲಸಕ್ಕೆ ಎರಡು ವಾರ ಹಿಡಿಯುವುದರಿಂದ ಆ ದಿನಗಳನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ನನಗೆ ಇದು ಒಪ್ಪಿಗೆಯೇ. ಕೆಲವರು ಅರ್ಧ ಪಾಲು ಹಿಡಿಯುತ್ತಾರೆ, ಅದೂ ತಪ್ಪಲ್ಲ. ಹಿಡಿಯದಿದ್ದರೆ ಏಕೆ ಹಿಡಿಯಲಿಲ್ಲವೆಂದು ಹೇಳಬೇಕು.

ಲೆಕ್ಕದ ಚೀಟಿಯನ್ನು ನೋಡಿದ ಅವರ ಪತ್ನಿ ಹೇಳಿದ್ದು ಹೀಗೆ: “ಪಟ್ಟಿ ಹಿಡದು ಅಳದ್ರಿ, ಛಲೋ ಆತು. ಆದ್ರ ಇದ್ದದ್ದೊಂದ ಮಲಗೋ ಖೋಲಿ. ಕೂಸಿನ್ನ ಕಟಗೊಂಡು ಒಂದು ತಿಂಗಳ ಪಡಸಾಲ್ಯಾಗ ಮಲಗ್ಯಾರ. ಅದಕ್ಕ ಯಾವ ಪಟ್ಟಿ ಹಿಡೀತೀರಿ?”

ಆ ತಾಯಿಯ ಮಾತಿನಲ್ಲಿ ವ್ಯವಹಾರದ ಸತ್ಯವೂ ಇದೆ. ಚದರಡಿಯ ಲೆಕ್ಕ ಸುಲಭ, ಆದರೆ ಅದು ಎಲ್ಲ ಚದರಡಿಯೂ ಸಮಾನವೆಂದು ಎಣಿಸುತ್ತದೆ. ಮೂರು ಖೋಲಿಗಳ ಮನೆಯಲ್ಲಿ ಒಂದು ಮುಚ್ಚಿದರೆ ತೊಂದರೆ. ಒಂದೇ ಖೋಲಿಯ ಮನೆಯಲ್ಲಿ ಅದು ಮುಚ್ಚಿದರೆ ಪಡಸಾಲೆಯೂ ಪಡಸಾಲೆಯಾಗಿ ಉಳಿಯುವುದಿಲ್ಲ. ಬಚ್ಚಲು ಮುಚ್ಚಿದ್ದರಂತೂ ಅದರ 30 ಚದರಡಿಯನ್ನು ಲೆಕ್ಕ ಹಾಕುವುದು ಹಾಸ್ಯಾಸ್ಪದವಾಗುತ್ತಿತ್ತು. ಆದ್ದರಿಂದ ವಿಸ್ತೀರ್ಣದ ಲೆಕ್ಕವನ್ನು ಕನಿಷ್ಠ ಮೊತ್ತವೆಂದು ಹಿಡಿದು, ಅಲ್ಲಿಂದ ಮೇಲಕ್ಕೆ ದುಂಡಗೆ ಮಾಡುವುದು ಸರಿಯಾದ ಕ್ರಮ. ಅಧ್ಯಾಪಕರು 3,000 ರೂಪಾಯಿಗೆ ನಿಂತರು. ಒಂದು ತಿಂಗಳ ಬಾಡಿಗೆಯ ಕಾಲು ಭಾಗ.

ಇದು ಹೆಚ್ಚೆಂದು ಯಾರಿಗಾದರೂ ತೋರಿದರೆ ಎದುರಿನ ಲೆಕ್ಕವನ್ನೂ ನೋಡಬೇಕು. ಬೇಸತ್ತು ಆ ಸಂಸಾರ ಮನೆ ಬಿಟ್ಟಿದ್ದರೆ, ಹೊಸಬರು ಬರುವವರೆಗೆ ಒಂದು ತಿಂಗಳು ಖಾಲಿ ಬಿದ್ದರೂ 12,000 ಹೋಯಿತು. ಮೇಲೆ ಬಣ್ಣದ ಖರ್ಚು, ಮನೆ ತೋರಿಸಿದವರ ದಲ್ಲಾಳಿ. ಬರುವವರು ಹೇಗಿರುತ್ತಾರೋ ಬೇರೆ ಮಾತು.

ತೊಯ್ದು ಹೋದ ಗಾದಿಯ ಹತ್ತಿಯನ್ನು ಹಿಂಜಿಸಿ ಹೊಸ ಹೊದಿಕೆ ಹಾಕಿಸಲು ಬಾಡಿಗೆದಾರರಿಗೆ 1,200 ರೂಪಾಯಿ ಖರ್ಚಾಗಿತ್ತು. ಇದನ್ನು ಆ 3,000ದೊಳಗೆ ಸೇರಿಸಬಾರದು. ಬಾಡಿಗೆಯಲ್ಲಿ ಬಿಡುವುದು ಬಳಸಲಾಗದ ಜಾಗಕ್ಕೆ. ಗಾದಿಯ ಹಣ ಹಾಳಾದ ವಸ್ತುವಿಗೆ. ಎರಡನ್ನೂ ಕಲಸಿದರೆ ಯಾವುದಕ್ಕೆ ಎಷ್ಟೆಂದು ಆರು ತಿಂಗಳ ಮೇಲೆ ಇಬ್ಬರಿಗೂ ನೆನಪಿರುವುದಿಲ್ಲ. ಅಧ್ಯಾಪಕರು ಅಂಗಡಿಯ ಚೀಟಿ ನೋಡಿ ಆ ಹಣವನ್ನು ಬೇರೆಯಾಗಿ ಕೊಟ್ಟರು.

ಹಣ ಬಿಡುವ ಸಮಯವೂ ಮುಖ್ಯ. ದುರಸ್ತಿ ಮುಗಿಯುವ ಮೊದಲೇ “ಈ ತಿಂಗಳು ಸಾವಿರ ಕಡಿಮೆ ಕೊಡಿ” ಎಂದರೆ, ಇನ್ನೂ ತಡಮಾಡಲು ಅನುಮತಿ ಕೊಂಡಂತೆ ಕೇಳಿಸುತ್ತದೆ. ಮುಗಿದ ಮರುದಿನವೇ, ಬಾಡಿಗೆದಾರರು ಕೇಳುವ ಮೊದಲು, ತಾವಾಗಿ ಹೇಳುವುದು ಉತ್ತಮ. ಕೆಲಸ ಎರಡು ಮೂರು ತಿಂಗಳು ಎಳೆಯುವಂತಿದ್ದರೆ ಮಾತ್ರ ತಿಂಗಳು ತಿಂಗಳಿಗೆ ಲೆಕ್ಕ ಮಾಡಿ ಕಳೆಯಬೇಕು. ಅಲ್ಲಿಯವರೆಗೆ ಪೂರ್ಣ ಬಾಡಿಗೆ ವಸೂಲು ಮಾಡುವುದು ನ್ಯಾಯವಲ್ಲ.

ಅಧ್ಯಾಪಕರು ಬರೆದ ಪತ್ರದ ಮೊದಲ ಕರಡಿನಲ್ಲಿ “ನಿಮಗೇನಾದರೂ ತೊಂದರೆಯಾಗಿದ್ದರೆ ಕ್ಷಮಿಸಿ” ಎಂದಿತ್ತು. ಕರಡನ್ನು ನನಗೆ ತೋರಿಸಿದಾಗ ಆ “ಆಗಿದ್ದರೆ” ಎಂಬುದನ್ನು ಹೊಡೆದುಹಾಕಲು ನಾನು ಸೂಚಿಸಿದೆ. ಮಗುವಿನೊಡನೆ 34 ರಾತ್ರಿ ಪಡಸಾಲೆಯಲ್ಲಿ ಮಲಗಿದವರಿಗೆ ತೊಂದರೆ ಆಗಿದೆಯೋ ಇಲ್ಲವೋ ಎಂಬ ಸಂಶಯಕ್ಕೆ ಎಡೆಯಿಲ್ಲ. ಗೌಂಡಿಯ ಮೇಲೆ ಬರೆದಿದ್ದ ಆರು ಸಾಲುಗಳನ್ನೂ ಅವರೇ ತೆಗೆದರು. ಗೌಂಡಿಯನ್ನು ಗೊತ್ತುಮಾಡಿದವರು ಮನೆಯೊಡೆಯರು. ಬಾಡಿಗೆದಾರರಿಗೂ ಗೌಂಡಿಗೂ ಸಂಬಂಧವಿಲ್ಲ. ಕೊನೆಗೆ ಪತ್ರ ಹೀಗಾಯಿತು:

“ಧಾರವಾಡ, 1-8-2024.

ಪ್ರಿಯರೇ, ಸಪ್ರೇಮ ನಮಸ್ಕಾರಗಳು.

ನಿಮ್ಮ ಮಲಗುವ ಖೋಲಿಯ ಛಾವಣಿ ಒದ್ದೆಯಾಗಿದೆಯೆಂದು ನೀವು ಜೂನ್ 12ರಂದೇ ತಿಳಿಸಿದಿರಿ. ಕೆಲಸ ಮುಗಿದದ್ದು ನಿನ್ನೆ. ಹೊರಗೋಡೆಯ ಬಿರುಕೇ ಕಾರಣವೆಂದು ನಂಬಿ ನಾನು ನಮ್ಮ ಬಚ್ಚಲನ್ನು ಪರೀಕ್ಷಿಸಲಿಲ್ಲ. ಕಾರಣ ತಿಳಿದ ಮೇಲೆಯೂ ಒಬ್ಬನೇ ಗೌಂಡಿಗಾಗಿ ಹತ್ತು ದಿನ ಕಾದೆ. ಈ ವಿಳಂಬ ನನ್ನದು. ಕೂಸಿನೊಡನೆ ನೀವು ಬಹಳ ಕಷ್ಟಪಟ್ಟಿರಿ. ನಾನೂ ನನ್ನ ಮನೆಯವರೂ ಇದಕ್ಕಾಗಿ ನಿಮ್ಮ ಕ್ಷಮೆ ಕೇಳುತ್ತೇವೆ.

ಜೂನ್ 28ರಿಂದ ಜುಲೈ 31ರವರೆಗೆ 34 ದಿನ ಖೋಲಿ ನಿಮ್ಮ ಬಳಕೆಯಲ್ಲಿರಲಿಲ್ಲ. ಮನೆಯ ವಿಸ್ತೀರ್ಣದಲ್ಲಿ ಅದರ ಪಾಲು ಐದರಲ್ಲಿ ಒಂದು. ದಿನಕ್ಕೆ 80 ರೂಪಾಯಿಯಂತೆ 2,720 ಆಗುತ್ತದೆ. ಮೊದಲ 16 ದಿನಗಳನ್ನು ದುರಸ್ತಿಗೆ ಬೇಕಾಗುವ ಕಾಲವೆಂದು ಬಿಟ್ಟಿದ್ದೇನೆ. ಇರುವ ಒಂದೇ ಖೋಲಿ ಅದಾದ್ದರಿಂದ ಮೊತ್ತವನ್ನು 3,000 ರೂಪಾಯಿ ಮಾಡಿದ್ದೇನೆ. ಆಗಸ್ಟ್ ತಿಂಗಳ ಬಾಡಿಗೆಯಾಗಿ 9,000 ರೂಪಾಯಿ ಮಾತ್ರ ಕೊಡಬೇಕು. ಈ ಲೆಕ್ಕ ಸರಿಯಲ್ಲವೆಂದು ನಿಮಗೆ ತೋರಿದರೆ ಹೇಳಬೇಕು, ಕುಳಿತು ಮಾತಾಡೋಣ. ಸೆಪ್ಟೆಂಬರದಿಂದ ಬಾಡಿಗೆ ಎಂದಿನಂತೆ 12,000. ನಿಮ್ಮ ಮುಂಗಡ ಠೇವಣಿಗೂ ಇದಕ್ಕೂ ಸಂಬಂಧವಿಲ್ಲ. ಗಾದಿಯ 1,200 ರೂಪಾಯಿಗಳನ್ನು ಈ ಪತ್ರದೊಂದಿಗೆ ಕೊಟ್ಟಿದ್ದೇನೆ.

ಹೊಸ ಗಿಲಾವು ಒಣಗಿದ ಮೇಲೆ ಬಣ್ಣ ಹಚ್ಚಬೇಕು. ಡಿಸೆಂಬರ್ ತಿಂಗಳಿನಲ್ಲಿ ಮಾಡಿಸುತ್ತೇನೆ. ಅಷ್ಟರೊಳಗೆ ಮತ್ತೆ ಒದ್ದೆ ಕಂಡರೆ ಯಾವ ಹೊತ್ತಿನಲ್ಲಿಯಾದರೂ ತಿಳಿಸಿರಿ.”

ಈ ಪತ್ರದಲ್ಲಿ ಗಮನಿಸಬೇಕಾದ ಒಂದೆರಡು ವಿಷಯಗಳಿವೆ. “ಸೆಪ್ಟೆಂಬರದಿಂದ ಎಂದಿನಂತೆ” ಎಂಬ ಒಂದು ವಾಕ್ಯವೇ ನಮ್ಮ ಓದುಗರ ಅಂಜಿಕೆಗೆ ಉತ್ತರ. ಎಷ್ಟು ದಿನದ ಯಾವ ನಷ್ಟಕ್ಕೆ ಬಿಟ್ಟದ್ದೆಂದು ಬರೆದಿರುವಾಗ ಅದು ವಾಡಿಕೆಯಾಗಲಾರದು. ಕಾರಣ ಹೇಳದೆ ಬಿಟ್ಟ ಹಣ ಮಾತ್ರ ಮುಂದಿನ ವರ್ಷ ಬಾಡಿಗೆ ಏರಿಸುವ ಮಾತಿನಲ್ಲಿ “ಆಗ ಒಂಬತ್ತು ಸಾವಿರ ತಗೊಂಡಿದ್ರಿ” ಎಂದು ತಲೆಯೆತ್ತುತ್ತದೆ. ಹಾಗೆಯೇ, ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಏನನ್ನೂ ಕೇಳಿಲ್ಲ. “ಇನ್ನು ಮೇಲೆ ಈ ವಿಷಯ ಎತ್ತಬಾರದು” ಎಂದಾಗಲಿ, “ಇನ್ನೊಂದು ವರ್ಷ ಬಿಡಬಾರದು” ಎಂದಾಗಲಿ ಸೇರಿಸಿದರೆ ಕ್ಷಮಾಪಣೆ ಹೋಗಿ ಕರಾರು ಉಳಿಯುತ್ತದೆ.

ಪತ್ರವನ್ನು ದಂಪತಿಗಳಿಬ್ಬರೂ ಕೆಳಗೆ ಹೋಗಿ ಕೈಯಲ್ಲಿ ಕೊಟ್ಟರು. ಮಾತನ್ನು ಬಾಯಲ್ಲಿಯೇ ಹೇಳಿದರು, ಕಾಗದ ಲೆಕ್ಕಕ್ಕಾಗಿ. ನಮ್ಮ ಕಡೆಯಲ್ಲಿ ಇದೇ ಸರಿ. ಒಂದೇ ಮೆಟ್ಟಿಲು ಬಳಸುವವರ ಮನೆಯ ಬಾಗಿಲ ಕೆಳಗೆ ಲಕೋಟೆ ತಳ್ಳಿ ಬರುವುದು ನೋಟೀಸು ಕೊಟ್ಟಂತೆ ಕಾಣುತ್ತದೆ. ಬಾಡಿಗೆದಾರರು ಮೊದಲು ಬೇಡವೆಂದರು. “ಇದು ಉಪಕಾರ ಅಲ್ರಿ, ಲೆಕ್ಕ. ನೀವು ವಾಸ ಮಾಡಲಾರದ ಖೋಲಿಗೆ ನಾ ಬಾಡಿಗಿ ತಗೊಂಡ್ರ ಹೆಂಗ?” ಎಂದು ಅಧ್ಯಾಪಕರು ಹೇಳಿದ ಮೇಲೆ ಒಪ್ಪಿದರು.

ಆಗಸ್ಟ್ ತಿಂಗಳ ರಸೀದಿಯನ್ನು 9,000 ರೂಪಾಯಿಗೇ ಬರೆಯಬೇಕು. ಇದನ್ನು ಹೇಳಲು ಕಾರಣವುಂಟು. ಸಂಬಳದವರು ಮನೆಬಾಡಿಗೆ ಭತ್ಯೆಯ ಮೇಲಿನ ತೆರಿಗೆ ವಿನಾಯಿತಿಗಾಗಿ ಈ ರಸೀದಿಗಳನ್ನು ಕಚೇರಿಗೆ ಕೊಡುತ್ತಾರೆ. ಪ್ರೀತಿಯಿಂದ 12,000ಕ್ಕೇ ರಸೀದಿ ಬರೆದುಕೊಡುವುದು ಸುಳ್ಳು ದಾಖಲೆಯಾಗುತ್ತದೆ. ಬಾಡಿಗೆ ಬೇರೆ ಬದಲಾಗದಿದ್ದರೆ ಆ ಆರ್ಥಿಕ ವರ್ಷದ ಒಟ್ಟು ಬಾಡಿಗೆ 1,44,000 ಅಲ್ಲ, 1,41,000. ಬಚ್ಚಲಿನ ದುರಸ್ತಿಯ ಖರ್ಚನ್ನು ಮಾತ್ರ ಮನೆಯೊಡೆಯರು ತಮ್ಮ ತೆರಿಗೆಯ ಲೆಕ್ಕದಲ್ಲಿ ಬೇರೆಯಾಗಿ ಕಳೆಯಲು ಬರುವುದಿಲ್ಲ. ಬಾಡಿಗೆ ಆದಾಯದಲ್ಲಿ ನಿಜವಾದ ಖರ್ಚು ಎಷ್ಟೇ ಇರಲಿ, ಶೇಕಡಾ 30ರ ಒಂದೇ ಕಡಿತ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೆಯ ಕಲಮಿನಲ್ಲಿ, ಮನೆಯೊಡೆಯನು ತಾನು ಮಾಡಲೇಬೇಕಾದ ದುರಸ್ತಿಯನ್ನು ತಿಳಿವಳಿಕೆ ಕೊಟ್ಟ ಮೇಲೆಯೂ ಯುಕ್ತ ಕಾಲದೊಳಗೆ ಮಾಡದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದೆಂದು ಇದೆ. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಅದು ನಡೆಯುತ್ತದೆ. ಯಾವ ದುರಸ್ತಿ ಯಾರದು ಎಂಬುದೇ ಬಹುತೇಕ ಜಗಳಗಳ ಮೂಲವಾದ್ದರಿಂದ ಕರಾರು ಪತ್ರದಲ್ಲಿಯೇ ಅದನ್ನು ಬರೆಯುವುದು ಒಳ್ಳೆಯದು. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯಿದೆಯ ಪಟ್ಟಿ ಇದಕ್ಕೆ ಅನುಕೂಲ: ಕಟ್ಟಡದ ಮೂಲ ದುರಸ್ತಿ, ಸುಣ್ಣಬಣ್ಣ, ಕೊಳವೆ ಬದಲಿಸುವುದು, ವಿದ್ಯುತ್ ತಂತಿ ಇವು ಮನೆಯೊಡೆಯನ ಪಾಲು, ನಲ್ಲಿ ಮತ್ತು ಅದರ ವಾಷರು, ಸ್ವಿಚ್ಚು, ಚರಂಡಿ ಶುಚಿ ಮುಂತಾದವು ಬಾಡಿಗೆದಾರನ ಪಾಲು. ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾನೂನಾಗಿ ಮಾಡಿಕೊಂಡಲ್ಲಿ ಮಾತ್ರ ಬಂಧಕ. ಆದರೂ ಕರಾರು ಬರೆಯುವವರು ಎದುರಿಗೆ ಇಟ್ಟುಕೊಳ್ಳಲು ಯೋಗ್ಯವಾಗಿದೆ.

ಈ ಲೆಕ್ಕ ಎಲ್ಲ ಸಂದರ್ಭಕ್ಕೂ ಒಗ್ಗದು. ಬಾಡಿಗೆದಾರರೇ ಚರಂಡಿಗೆ ಅನ್ನ, ಬಟ್ಟೆ ಸುರಿದು ಕಟ್ಟಿಸಿಕೊಂಡದ್ದಾದರೆ ಬಾಡಿಗೆ ಬಿಡುವ ಪ್ರಶ್ನೆಯೇ ಬಾರದು. ಇಡೀ ಮನೆಯೇ ವಾಸಕ್ಕೆ ಅಯೋಗ್ಯವಾದರೆ ಚದರಡಿಯ ಮಾತನ್ನು ಬಿಟ್ಟು, ಅಷ್ಟು ದಿನದ ಬಾಡಿಗೆಯನ್ನೇ ಬಿಡಬೇಕಾಗುತ್ತದೆ. ಒಂದು ದಿನ ನಲ್ಲಿ ಕೆಟ್ಟು ಮರುದಿನ ಸರಿಯಾದದ್ದಕ್ಕೆ ಯಾರೂ ಪತ್ರ ಬರೆಯಬೇಕಾಗಿಲ್ಲ.

ಬಣ್ಣದ ಮಾತು ಉಳಿಯಿತು. ನೀರು ಕುಡಿದ ಸ್ಲ್ಯಾಬು ಮೇಲ್ನೋಟಕ್ಕೆ ಒಣಗಿದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಅವಸರದಿಂದ ಬಣ್ಣ ಹಚ್ಚಿದರೆ ಗುಳ್ಳೆ ಎದ್ದು, ಬಿಳಿಯ ಉಪ್ಪಿನ ಪುಡಿ ಉದುರುತ್ತದೆ. ಬಾಡಿಗೆದಾರರು ಮತ್ತೆ ಸೋರುತ್ತಿದೆಯೆಂದು ಗಾಬರಿಯಾಗುತ್ತಾರೆ. ಒಣಗಿದೆಯೇ ಎಂದು ತಿಳಿಯಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಛಾವಣಿಗೆ ಅಂಟಿಸಿ ಒಂದು ದಿನ ಬಿಡಬೇಕು. ತೆಗೆದಾಗ ಹಾಳೆಯ ಒಳಮೈಯಲ್ಲಿ ಬೆವರಿನಂಥ ಹನಿಗಳಿದ್ದರೆ ಇನ್ನೂ ಕಾಯಬೇಕು. ಡಿಸೆಂಬರ್ ಮೊದಲ ವಾರ ಅಧ್ಯಾಪಕರು ಹೀಗೆ ಮಾಡಿ ನೋಡಿದಾಗ ಹಾಳೆ ಬೆವರಿತ್ತು. ಅಂದೇ ಸಂಜೆ ಕೆಳಗೆ ಹೋಗಿ ಆ ಹಾಳೆಯನ್ನು ತೋರಿಸಿ, ಜನವರಿಯಲ್ಲಿ ಇನ್ನೊಮ್ಮೆ ನೋಡುವುದಾಗಿ ಹೇಳಿ ಬಂದರು. ಸಂಕ್ರಾಂತಿ ಕಳೆದು ಮತ್ತೆ ಅಂಟಿಸಿದಾಗ ಹಾಳೆ ಒಣಗಿಯೇ ಇತ್ತು. ಆ ವಾರವೇ ಬಣ್ಣದವರು ಬಂದರು. ಖೋಲಿಯ ಗೋಡೆಗೆ ಯಾವ ಬಣ್ಣ ಹಚ್ಚಬೇಕೆಂದು ಕೆಳಗಿನವರನ್ನೇ ಕೇಳಿದರಂತೆ. ತಿಳಿ ಹಸಿರು ಎಂದರಂತೆ ಅವರು.